ಹಗಲು ಪಾಳಿ, ರಾತ್ರಿ ಪಾಳಿ: ವಾರದ ಸಭೆಯ ಹೊತ್ತನ್ನು ಸರದಿಯಲ್ಲಿ ಹಂಚುವ ಕ್ರಮ

ಒಂದೇ ತಂಡದ ಅರ್ಧ ಜನ ಹಗಲಿನಲ್ಲೂ ಉಳಿದರ್ಧ ಜನ ರಾತ್ರಿಯಲ್ಲೂ ದುಡಿಯುವ ಕಚೇರಿಗಳಲ್ಲಿ ಇಡೀ ತಂಡ ವಾರಕ್ಕೊಮ್ಮೆ ಒಟ್ಟಿಗೆ ಕೂಡುವ ಸಭೆಯನ್ನು ‘ಸಿಂಕ್’ ಎಂದು ಕರೆಯುವ ರೂಢಿ ಬೆಂಗಳೂರಿನಲ್ಲಿ ನೆಲೆಯೂರಿದೆ. ಪಾಳಿ ಬದಲಾಗುವಾಗ ಪ್ರತಿದಿನ ಹತ್ತು ಹದಿನೈದು ನಿಮಿಷ ನಡೆಯುವ ‘ಹ್ಯಾಂಡೋವರ್’ಗಿಂತ ಇದು ಬೇರೆಯದು. ಹ್ಯಾಂಡೋವರಿನಲ್ಲಿ ಯಾವ ಟಿಕೆಟ್ ಬಾಕಿ ಉಳಿಯಿತು, ಯಾವ ಗ್ರಾಹಕರಿಗೆ ಮರಳಿ ಕರೆ ಮಾಡಬೇಕು ಎಂಬ ಅಂದಂದಿನ ಬಾಬತ್ತುಗಳು ಕೈ ಬದಲಾಗುತ್ತವೆ. ವಾರದ ಸಭೆಯಲ್ಲಾದರೋ ಮತ್ತೆ ಮತ್ತೆ ತಲೆದೋರುವ ದೋಷ ಯಾವುದು, ಕೆಲಸದ ವಿಧಾನ ಎಲ್ಲಿ ಬದಲಾಗಬೇಕು, ರಜೆಯ ದಿನಗಳಲ್ಲಿ ಹೊರೆ ಯಾರು ಹೊರಬೇಕು ಎಂಬಂಥ, ಎರಡೂ ಪಾಳಿಯವರು ಎದುರುಬದುರಾಗಿ ಮಾತನಾಡದೆ ಬಗೆಹರಿಯದ ವಿಷಯಗಳು ಬರುತ್ತವೆ. ಅಂಥ ವಿಷಯ ಆ ವಾರ ಒಂದೂ ಇಲ್ಲವೆಂದಾದರೆ ಸಭೆಯನ್ನು ಕೈಬಿಡುವುದೇ ಸರಿ. ಬರಹದಲ್ಲಿ ತಿಳಿಸಬಹುದಾದ ಸುದ್ದಿಗಾಗಿ ಯಾರ ಬಿಡುವನ್ನೂ ತೆಗೆದುಕೊಳ್ಳಬೇಕಾಗಿಲ್ಲ.

ಈ ಲೇಖನ ಮಾದರಿಯಾಗಿ ಇಟ್ಟುಕೊಂಡಿರುವುದು ಅಮೆರಿಕದ ಪೂರ್ವ ಕರಾವಳಿಯ ಗ್ರಾಹಕರಿಗೆ ತಾಂತ್ರಿಕ ನೆರವು ನೀಡುವ ಬೆಂಗಳೂರಿನ ತಂಡವೊಂದರ ಏರ್ಪಾಟನ್ನು. ತಂಡದಲ್ಲಿ ಹನ್ನೆರಡು ಮಂದಿ ಇದ್ದು, ಆರಾರು ಜನರ ಎರಡು ಗುಂಪುಗಳಾಗಿ ನಾಲ್ಕು ವಾರಕ್ಕೊಮ್ಮೆ ಪಾಳಿ ಬದಲಾಯಿಸಿಕೊಳ್ಳುತ್ತಾರೆ. ಇವರಲ್ಲದೆ ಮ್ಯಾನೇಜರ್ ಮತ್ತು ಗುಣಮಟ್ಟ ಪರಿಶೀಲಿಸುವ ಇಬ್ಬರಿದ್ದು, ಆ ಮೂವರು ಸದಾ ಹಗಲಿನಲ್ಲೇ ಇರುತ್ತಾರೆ. ಹಗಲು ಪಾಳಿ ಬೆಳಿಗ್ಗೆ 9.30ರಿಂದ ಸಂಜೆ 6.30ರವರೆಗೆ ನಡೆಯುತ್ತದೆ. ರಾತ್ರಿ ಪಾಳಿ ಬೇಸಿಗೆಯ ತಿಂಗಳುಗಳಲ್ಲಿ ಸಂಜೆ 6.30ರಿಂದ ನಸುಕಿನ 3.30ರವರೆಗೆ ಇರುತ್ತದೆ, ಏಕೆಂದರೆ ಆ ಅವಧಿಯಲ್ಲಿ ಭಾರತದ ಗಡಿಯಾರ ನ್ಯೂಯಾರ್ಕಿನದಕ್ಕಿಂತ ಒಂಬತ್ತೂವರೆ ಗಂಟೆ ಮುಂದಿದ್ದು, ಇಲ್ಲಿನ ಸಂಜೆ 6.30 ಅಲ್ಲಿನ ಬೆಳಿಗ್ಗೆ 9 ಆಗಿರುತ್ತದೆ.

ನಿದ್ದೆಯ ನಡುಗಾಲವನ್ನು ಗುರುತಿಸುವುದು

ಇಂಥ ತಂಡಗಳಲ್ಲಿ ಸಭೆ ತಾನಾಗಿಯೇ ಬೆಳಿಗ್ಗೆ 10 ಅಥವಾ 11ಕ್ಕೆ ಹೋಗಿ ನಿಲ್ಲುವುದುಂಟು, ಏಕೆಂದರೆ ಸಭೆ ಕರೆಯುವ ಅಧಿಕಾರವುಳ್ಳವರು ಹಗಲಿನಲ್ಲಿರುತ್ತಾರೆ ಮತ್ತು ಅವರ ಕಣ್ಣಿಗೆ ಅದು ಕಚೇರಿಯ ಸಹಜ ವೇಳೆಯಾಗಿ ಕಾಣುತ್ತದೆ. ಆ ವೇಳೆ ರಾತ್ರಿ ಪಾಳಿಯವರ ಪಾಲಿಗೆ ಏನು ಎಂಬುದನ್ನು ತಿಳಿಯಲು ಸರಳವಾದ ಒಂದು ಲೆಕ್ಕವಿದೆ. ಪ್ರತಿ ಗುಂಪಿನವರು ಸಾಮಾನ್ಯವಾಗಿ ಎಷ್ಟಕ್ಕೆ ಮಲಗಿ ಎಷ್ಟಕ್ಕೆ ಏಳುತ್ತಾರೆ ಎಂದು ಬರೆದುಕೊಂಡು, ಆ ಅವಧಿಯ ನಡುಬಿಂದುವನ್ನು ಗುರುತಿಸಬೇಕು. ಹಗಲು ಪಾಳಿಯವರು ರಾತ್ರಿ 11.30ಕ್ಕೆ ಮಲಗಿ ಬೆಳಿಗ್ಗೆ 6.30ಕ್ಕೆ ಏಳುವವರಾದರೆ ಅವರ ನಿದ್ದೆಯ ನಡುಗಾಲ ನಸುಕಿನ 3 ಗಂಟೆ. ರಾತ್ರಿ ಪಾಳಿಯವರು 3.30ಕ್ಕೆ ಕೆಲಸ ಮುಗಿಸಿ, ಕ್ಯಾಬಿನಲ್ಲಿ ಮನೆ ಸೇರಿ, 5ಕ್ಕೆ ಮಲಗಿ ಮಧ್ಯಾಹ್ನ 12ಕ್ಕೆ ಏಳುವವರಾದರೆ ಅವರ ನಡುಗಾಲ ಬೆಳಿಗ್ಗೆ 8.30. ಎರಡರ ನಡುವಿನ ಅಂತರ ಐದೂವರೆ ಗಂಟೆ. ಆದ್ದರಿಂದ ಬೆಳಿಗ್ಗೆ 10ಕ್ಕೆ ಕರೆದ ಸಭೆ ರಾತ್ರಿ ಪಾಳಿಯವರಿಗೆ, ಹಗಲು ಪಾಳಿಯವರನ್ನು ನಸುಕಿನ 4.30ಕ್ಕೆ ಎಬ್ಬಿಸಿ ಕೂರಿಸಿದಷ್ಟೇ ಭಾರವಾದದ್ದು.

ವಾಸ್ತವದಲ್ಲಿ ಅದಕ್ಕಿಂತಲೂ ಭಾರವಾದದ್ದು ಎನ್ನಬೇಕು. ನಿದ್ದೆ ಮತ್ತು ಎಚ್ಚರವನ್ನು ಸುಮಾರು 24 ಗಂಟೆಗಳ ಆವರ್ತದಲ್ಲಿ ನಡೆಸುವ ದೇಹದೊಳಗಿನ ವ್ಯವಸ್ಥೆಯನ್ನು ಜೈವಿಕ ಗಡಿಯಾರ ಎನ್ನುತ್ತಾರೆ. ಅದು ಜೀವಕೋಶದ ಮಟ್ಟದಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ತೋರಿಸಿದ ಮೂವರು ವಿಜ್ಞಾನಿಗಳಿಗೆ 2017ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿದೆ. ಈ ಗಡಿಯಾರಕ್ಕೆ ಮುಖ್ಯ ಸೂಚನೆ ಬೆಳಕು. ರಾತ್ರಿ ದುಡಿಯುವವರು ಮನೆಗೆ ಮರಳಿದ ಮೇಲೆ ಹಗಲಿನ ಬೆಳಕನ್ನೇ ಕಾಣುವುದರಿಂದ, ವಾರದ ರಜೆಯಲ್ಲಿ ಮನೆಯವರ ವೇಳೆಗೇ ಹೊಂದಿಕೊಳ್ಳುವುದರಿಂದ, ಅವರ ಗಡಿಯಾರ ರಾತ್ರಿಯ ಕೆಲಸಕ್ಕೆ ಪೂರ್ತಿಯಾಗಿ ತಿರುಗುವುದು ಅಪರೂಪ. ಪರಿಣಾಮವಾಗಿ ಅವರ ಹಗಲು ನಿದ್ದೆ ರಾತ್ರಿಯ ನಿದ್ದೆಗಿಂತ ಒಂದರಿಂದ ನಾಲ್ಕು ಗಂಟೆಯಷ್ಟು ಮೊಟಕಾಗಿರುವುದು ಸಾಮಾನ್ಯ. ನಸುಕಿನಲ್ಲಿ ಎಚ್ಚರಗೊಂಡವರು ಮತ್ತೆ ಮಲಗಿದರೆ ನಿದ್ದೆ ಬರುತ್ತದೆ. ಹೊತ್ತೇರಿದ ಮೇಲೆ ಎಚ್ಚರಗೊಂಡವರ ದೇಹ ಏಳುವ ಕಡೆಗೇ ವಾಲಿರುವುದರಿಂದ ಮುರಿದ ನಿದ್ದೆ ಮರಳುವುದು ಕಷ್ಟ. ಅರ್ಧ ಗಂಟೆಯ ಸಭೆಗೆ ಎರಡು ಗಂಟೆಯ ನಿದ್ದೆ ಹೋಗುವುದು ಈ ಕಾರಣದಿಂದ. ಜೊತೆಗೆ, ಗಾಢ ನಿದ್ದೆಯಿಂದ ಎದ್ದವರ ಬುದ್ಧಿ ಹದಕ್ಕೆ ಬರಲು ಸಾಮಾನ್ಯವಾಗಿ ಹದಿನೈದರಿಂದ ಮೂವತ್ತು ನಿಮಿಷ ಬೇಕಾಗುವುದರಿಂದ, ಸಭೆ ಮುಗಿಯುವ ವೇಳೆಗೆ ಅವರು ಮಾತಿಗೆ ಸಿದ್ಧರಾಗಿರುತ್ತಾರೆ.

ಇದರಿಂದ ಹೊರಡುವ ನಿಯಮ ಕಟ್ಟುನಿಟ್ಟಾದದ್ದು. ಒಂದು ವಾರ ಬೆಳಿಗ್ಗೆ 10, ಮರುವಾರ ರಾತ್ರಿ 12 ಎಂದು ಎರಡೂ ಕಡೆಯವರ ನಿದ್ದೆಯನ್ನು ಸರದಿಯಲ್ಲಿ ಕೆಡಿಸುವುದು ಹೊರನೋಟಕ್ಕೆ ಸಮಾನತೆಯಂತೆ ಕಂಡರೂ ಅದು ನ್ಯಾಯದ ಹಂಚಿಕೆ ಆಗಲಾರದು. ನಿದ್ದೆಯ ಹೊತ್ತು ಸರದಿಯಲ್ಲಿ ಹಂಚುವ ವಸ್ತುವಲ್ಲ, ಮೊದಲಿಗೇ ಹೊರಗಿಡಬೇಕಾದ ವಸ್ತು. ಎರಡೂ ಗುಂಪಿನ ನಿದ್ದೆಯ ಅವಧಿಯನ್ನೂ, ಎದ್ದ ಮೇಲಿನ ಒಂದು ಗಂಟೆಯನ್ನೂ, ಮಲಗುವ ಮುಂಚಿನ ಒಂದು ಗಂಟೆಯನ್ನೂ ದಿನದಿಂದ ಕಳೆದರೆ ಮಾದರಿ ತಂಡಕ್ಕೆ ಉಳಿಯುವುದು ಮಧ್ಯಾಹ್ನ 1ರಿಂದ ರಾತ್ರಿ 10.30ರವರೆಗಿನ ಅವಧಿ ಮಾತ್ರ. ಸರದಿಯೇನಿದ್ದರೂ ಈ ಒಂಬತ್ತೂವರೆ ಗಂಟೆಯೊಳಗೆ ನಡೆಯಬೇಕು.

ಸಂಜೆಯ ಅಂಚಿನ ಎರಡು ವೇಳೆಗಳು

ಈ ಅವಧಿಯಲ್ಲಿ ಎರಡು ಪಾಳಿಗಳು ಒಂದನ್ನೊಂದು ಮುಟ್ಟುವ ಗಳಿಗೆ ಸಂಜೆ 6.30. ಅದರ ಆಚೀಚೆಗೆ ಅರ್ಧ ಗಂಟೆಯ ಎರಡು ವೇಳೆಗಳು ದೊರೆಯುತ್ತವೆ. ಸಂಜೆ 6ಕ್ಕೆ ಸಭೆ ಇಟ್ಟರೆ ಹಗಲಿನವರು ತಮ್ಮ ಪಾಳಿಯೊಳಗೇ ಇರುತ್ತಾರೆ, ರಾತ್ರಿಯವರು ಅರ್ಧ ಗಂಟೆ ಮುಂಚೆ ಬರಬೇಕಾಗುತ್ತದೆ. ಸಂಜೆ 6.30ಕ್ಕೆ ಇಟ್ಟರೆ ರಾತ್ರಿಯವರು ಪಾಳಿಯೊಳಗಿರುತ್ತಾರೆ, ಹಗಲಿನವರು ಅರ್ಧ ಗಂಟೆ ಹೆಚ್ಚು ಉಳಿಯಬೇಕಾಗುತ್ತದೆ. ಮೊದಲನೆಯದನ್ನು ಇಲ್ಲಿ ‘ಮುಂವೇಳೆ’ ಎಂದೂ ಎರಡನೆಯದನ್ನು ‘ಹಿಂವೇಳೆ’ ಎಂದೂ ಕರೆಯಲಾಗಿದೆ. ಮುಂವೇಳೆಯ ಹೊರೆ ರಾತ್ರಿ ಪಾಳಿಯದು, ಹಿಂವೇಳೆಯ ಹೊರೆ ಹಗಲು ಪಾಳಿಯದು, ಎರಡರಲ್ಲೂ ಯಾರ ನಿದ್ದೆಯೂ ಕೆಡುವುದಿಲ್ಲ. ಎರಡನೆಯದರಲ್ಲಿ ಇಡೀ ರಾತ್ರಿ ಪಾಳಿ ಅಮೆರಿಕದ ಬೆಳಗಿನ ಮೊದಲ ಕರೆಗಳ ಹೊತ್ತಿನಲ್ಲೇ ಸಭೆಯಲ್ಲಿ ಕುಳಿತುಬಿಡುತ್ತದೆ ಎಂಬ ತೊಡಕಿದ್ದು, ಒಬ್ಬರೋ ಇಬ್ಬರೋ ಕರೆಗಳನ್ನು ನೋಡಿಕೊಳ್ಳಲು ಹೊರಗುಳಿಯಬೇಕಾಗುತ್ತದೆ. ಹಾಗೆ ಹೊರಗುಳಿಯುವ ಹೆಸರುಗಳೂ ಪ್ರತಿಸಲ ಬದಲಾಗಬೇಕು.

ಅರ್ಧ ಗಂಟೆಗೆ ಅರ್ಧ ಗಂಟೆ ಸಮ ಎಂದುಕೊಳ್ಳುವ ಮುನ್ನ ಕಚೇರಿಯ ಸಾರಿಗೆ ವಿಭಾಗದಿಂದ ಒಂದು ಮಾಹಿತಿಯನ್ನು ಪಡೆಯುವುದು ಅಗತ್ಯ. ಬಹುತೇಕ ಕಂಪನಿಗಳಲ್ಲಿ ಕ್ಯಾಬುಗಳು ಸಿಬ್ಬಂದಿ ಕೇಳಿದಾಗ ಹೊರಡದೆ, ಗೊತ್ತುಪಡಿಸಿದ ಲಾಗಿನ್ ಮತ್ತು ಲಾಗೌಟ್ ವೇಳೆಗಳಿಗೆ ತಕ್ಕಂತೆ ಹೊರಡುತ್ತವೆ. ಸಂಜೆಯ ಡ್ರಾಪ್ 6.30ಕ್ಕೆ ಒಂದು, ಆ ಬಳಿಕ 8ಕ್ಕೆ ಇನ್ನೊಂದು ಎಂದಿದ್ದರೆ, 7ಕ್ಕೆ ಸಭೆ ಮುಗಿಸಿದ ಹಗಲು ಪಾಳಿಯವರು ಇನ್ನೂ ಒಂದು ಗಂಟೆ ಕಾಯಬೇಕಾಗುತ್ತದೆ ಮತ್ತು ಅವರ ನಿಜವಾದ ಹೊರೆ ಮೂವತ್ತರ ಬದಲು ತೊಂಬತ್ತು ನಿಮಿಷವಾಗುತ್ತದೆ. ಅತ್ತ ರಾತ್ರಿಯವರ ಪಿಕಪ್ ಅರ್ಧ ಗಂಟೆ ಹಿಂದಕ್ಕೆ ಸರಿದು ಅವರ ಹೊರೆ ಮೂವತ್ತು ನಿಮಿಷದಲ್ಲೇ ನಿಂತಿರಬಹುದು. ಇಂಥಲ್ಲಿ ವಾರ ಬಿಟ್ಟು ವಾರ ಸರದಿ ಮಾಡಿದರೆ ನಾಲ್ಕು ವಾರಗಳಲ್ಲಿ ಹಗಲು ಪಾಳಿಯ ಪ್ರತಿಯೊಬ್ಬರ ಲೆಕ್ಕಕ್ಕೆ 180 ನಿಮಿಷವೂ ರಾತ್ರಿ ಪಾಳಿಯವರ ಲೆಕ್ಕಕ್ಕೆ 60 ನಿಮಿಷವೂ ಬೀಳುತ್ತದೆ. ಸರಿದೂಗಿಸಲು ಪ್ರತಿ ನಾಲ್ಕು ಸಭೆಗಳಲ್ಲಿ ಮೂರು ಮುಂವೇಳೆಗೂ ಒಂದು ಹಿಂವೇಳೆಗೂ ಹೋಗಬೇಕು. ಆಗ ಎರಡೂ ಕಡೆ ತೊಂಬತ್ತು ತೊಂಬತ್ತು ನಿಮಿಷವಾಗುತ್ತದೆ. ಆದರೆ ಇದು ಸರಿಯಾದ ಲೆಕ್ಕವಾದರೂ ಒಳ್ಳೆಯ ಪರಿಹಾರವಲ್ಲ. ಸಭೆಯ ದಿನ ಮಾತ್ರ 7 ಗಂಟೆಗೆ ಡ್ರಾಪ್ ಕ್ಯಾಬ್ ಒಂದನ್ನು ಹೊರಡಿಸುವಂತೆ ಕೇಳಿ ಪಡೆಯುವುದು ಅದಕ್ಕಿಂತ ಸುಲಭ, ಮತ್ತು ಒಟ್ಟು ಹೊರೆಯನ್ನೇ ಕಡಿಮೆ ಮಾಡುತ್ತದೆ. ಸ್ವಂತ ವಾಹನದವರನ್ನೂ ಮೆಟ್ರೊ ಹಿಡಿಯುವವರನ್ನೂ ಅವರ ಮನೆಬಾಗಿಲಿನಿಂದ ಮನೆಬಾಗಿಲಿಗೆ ಲೆಕ್ಕ ಹಾಕಿದರೆ ಅಂತರಗಳು ಇನ್ನೂ ಸ್ಪಷ್ಟವಾಗುತ್ತವೆ, ಏಕೆಂದರೆ ಬೆಂಗಳೂರಿನ ರಸ್ತೆಗಳಲ್ಲಿ ಸಂಜೆ ಅರ್ಧ ಗಂಟೆ ತಡವಾಗಿ ಹೊರಡುವುದೆಂದರೆ ಅರ್ಧ ಗಂಟೆ ತಡವಾಗಿ ತಲುಪುವುದು ಎಂದೇ ಅರ್ಥವಲ್ಲ.

ವಾರದ ಯಾವ ದಿನ ಎಂಬ ಪ್ರಶ್ನೆಗೆ ಹೆಚ್ಚು ಚರ್ಚೆ ಬೇಡ. ಸೋಮವಾರ ರಾತ್ರಿ ಪಾಳಿಯವರು ವಾರಾಂತ್ಯದ ಹಗಲು ಬದುಕಿನಿಂದ ಆಗಷ್ಟೇ ಮರಳಿರುತ್ತಾರೆ. ಶುಕ್ರವಾರದ ಅವರ ಪಾಳಿ ಶನಿವಾರ ನಸುಕಿನಲ್ಲಿ ಮುಗಿಯುವುದರಿಂದ ಅಂದು ಊರಿಗೆ ಹೊರಡುವ ಅವಸರ ಎರಡೂ ಕಡೆ ಇರುತ್ತದೆ. ಬುಧವಾರ ಸಾಕಷ್ಟು ಸುರಕ್ಷಿತ. ರಜೆಗಳು ಮಾತ್ರ ತೊಡಕು ತರುತ್ತವೆ, ಏಕೆಂದರೆ ಹಗಲಿನವರು ಕರ್ನಾಟಕದ ರಜಾಪಟ್ಟಿಯನ್ನೂ ರಾತ್ರಿಯವರು ಎಷ್ಟೋ ಕಡೆ ಗ್ರಾಹಕರ ದೇಶದ ರಜಾಪಟ್ಟಿಯನ್ನೂ ಅನುಸರಿಸುತ್ತಾರೆ. ದೀಪಾವಳಿಯ ದಿನ ಒಂದು ಪಾಳಿ ಇಲ್ಲದಿರುವುದೂ ಅಮೆರಿಕದ ರಜೆಯಂದು ಇನ್ನೊಂದು ಇಲ್ಲದಿರುವುದೂ ಸಾಧ್ಯ. ಅಂಥ ವಾರ ಸಭೆ ರದ್ದಾದರೆ ಆ ಸರದಿ ಕಳೆದುಹೋಗಬಾರದು.

ಒಪ್ಪಿಗೆಯನ್ನು ಪಡೆಯುವ ಬಗೆ

ಯಾವ ವೇಳೆ ಬೇಕೆಂದು ಕೈ ಎತ್ತಿಸಿ ಕೇಳುವುದು ಎಲ್ಲರಿಗೂ ಹೊಳೆಯುವ ದಾರಿ, ಮತ್ತು ಅದೇ ಕೆಟ್ಟ ದಾರಿ. ಮಾದರಿ ತಂಡದಲ್ಲಿ ಎರಡು ಪಾಳಿಗಳೂ ಆರಾರು ಜನರದ್ದಾದರೂ ಮ್ಯಾನೇಜರ್ ಮತ್ತು ಗುಣಮಟ್ಟದ ಇಬ್ಬರು ಸೇರಿದರೆ ಹಗಲಿನ ಮತ ಒಂಬತ್ತಾಗುತ್ತದೆ. ಎಷ್ಟು ಬಾರಿ ಮತ ಹಾಕಿದರೂ ಪ್ರತಿ ಬಾರಿಯೂ ಮುಂವೇಳೆಯೇ ಗೆಲ್ಲುತ್ತದೆ. ಎಲ್ಲರ ನಿಮಿಷಗಳನ್ನು ಕೂಡಿಸಿ ಒಟ್ಟು ಹೊರೆ ಕಡಿಮೆ ಇರುವ ವೇಳೆಯನ್ನು ಆರಿಸುವ ವಿಧಾನ ಶಾಸ್ತ್ರೀಯವಾಗಿ ಕಂಡರೂ ಅದರಲ್ಲೂ ಇದೇ ದೋಷವಿದೆ: ಮುಂವೇಳೆಯಲ್ಲಿ ಆರು ಜನರ ಹೊರೆ, ಹಿಂವೇಳೆಯಲ್ಲಿ ಒಂಬತ್ತು ಜನರ ಹೊರೆ ಎಂದಾದಾಗ ಸಣ್ಣ ಗುಂಪೇ ಸದಾ ತೆರಬೇಕಾಗುತ್ತದೆ. ಆದ್ದರಿಂದ ಗುಂಪಿನ ಒಟ್ಟು ಮೊತ್ತವನ್ನು ಬಿಟ್ಟು, ಒಬ್ಬೊಬ್ಬ ವ್ಯಕ್ತಿಯ ಲೆಕ್ಕಕ್ಕೆ ಎಷ್ಟು ನಿಮಿಷ ಬಿತ್ತು ಎಂಬುದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕು.

ಇದಕ್ಕೆ ಪ್ರತಿಯೊಬ್ಬರಿಂದ ಬರಹದಲ್ಲಿ ಎರಡೇ ಉತ್ತರ ಪಡೆದರೆ ಸಾಕು: ನಿದ್ದೆಯ ಸಾಮಾನ್ಯ ಅವಧಿ ಯಾವುದು, ಮತ್ತು ಎಚ್ಚರವಿದ್ದರೂ ಸಭೆಗೆ ಬರಲು ಆಗದ ಹೊತ್ತು ಯಾವುದು. ಎರಡನೆಯದಕ್ಕೆ ಕಾರಣ ಕೇಳಬಾರದು. ಮಗುವನ್ನು ಶಾಲೆಯಿಂದ ಕರೆತರುವುದು, ಮನೆಯ ಹಿರಿಯರಿಗೆ ಔಷಧಿ ಕೊಡುವುದು, ಸಂಜೆಯ ಕಾಲೇಜು, ನಮಾಜು ಅಥವಾ ಪೂಜೆಯ ವೇಳೆ ಹೀಗೆ ಯಾವುದೂ ಇರಬಹುದು. ಕಾರಣ ಕೇಳಿದ ಕೂಡಲೇ ಯಾವ ಕಾರಣ ದೊಡ್ಡದು ಎಂಬ ತೂಗಾಟ ಶುರುವಾಗಿ, ಮಾತು ಬಲ್ಲವರು ಗೆಲ್ಲುತ್ತಾರೆ. ಉತ್ತರಗಳನ್ನು ಒಂದು ಹಾಳೆಯಲ್ಲಿ ಗಂಟೆಗಳ ಸಾಲಾಗಿ ತುಂಬಿ ಯಾರಿಗೂ ಅಸಾಧ್ಯವಲ್ಲದ ಜೋಡಿ ವೇಳೆಗಳನ್ನು ಗುರುತಿಸಿದ ಮೇಲೆ, ತಂಡದ ಮುಂದೆ ಇಡುವ ಪ್ರಶ್ನೆ ‘ಯಾವ ವೇಳೆ ಬೇಕು’ ಎಂದಾಗಬಾರದು. ‘ಈ ಜೋಡಿ ಮತ್ತು ಈ ಸರದಿಗೆ ಯಾರದಾದರೂ ತಡೆಯಿದೆಯೇ’ ಎಂದಾಗಬೇಕು. ತಾನು ಮುಂದಿನ ತಿಂಗಳು ಯಾವ ಪಾಳಿಯಲ್ಲಿರುತ್ತೇನೆ ಎಂಬುದು ಗೊತ್ತಾಗುವ ಮೊದಲೇ, ಅಂದರೆ ಹೊಸ ರೋಸ್ಟರ್ ಪ್ರಕಟವಾಗುವ ಮುನ್ನವೇ ಈ ಒಪ್ಪಿಗೆ ಪಡೆದರೆ ಜನರ ತೀರ್ಮಾನ ಹೆಚ್ಚು ನಿಷ್ಪಕ್ಷಪಾತವಾಗಿರುತ್ತದೆ. ಎರಡರಲ್ಲಿ ಒಂದು ವೇಳೆ ಯಾರೊಬ್ಬರಿಗಾದರೂ ಕಾಯಮ್ಮಾಗಿ ಆಗದಿದ್ದರೆ ಅವರಿಗೆ ಆ ಸರದಿಯಿಂದ ವಿನಾಯಿತಿ ಕೊಟ್ಟು, ಅವರ ಅಭಿಪ್ರಾಯವನ್ನು ಹಿಂದಿನ ದಿನವೇ ಬರಹದಲ್ಲಿ ಪಡೆದು ಸಭೆಯಲ್ಲಿ ಓದಬೇಕು.

ಒಂದೇ ಲಯದಲ್ಲಿ ತಿರುಗುವ ಎರಡು ಸರದಿಗಳ ಅಪಾಯ

ಸರದಿಯನ್ನು ಎಷ್ಟು ದಿನಕ್ಕೊಮ್ಮೆ ತಿರುಗಿಸಬೇಕು ಎಂಬಲ್ಲಿ ಒಂದು ಬಲೆಯಿದ್ದು, ಎಚ್ಚರಿಕೆಯಿಂದ ಕೆಲಸ ಮಾಡುವವರೂ ಅದಕ್ಕೆ ಬೀಳುತ್ತಾರೆ. ಮಾದರಿ ತಂಡದ ಗುಂಪುಗಳನ್ನು ‘ಅ’ ಮತ್ತು ‘ಆ’ ಎಂದಿಟ್ಟುಕೊಳ್ಳೋಣ. ಮೊದಲ ನಾಲ್ಕು ವಾರ ‘ಅ’ ಹಗಲಿನಲ್ಲೂ ‘ಆ’ ರಾತ್ರಿಯಲ್ಲೂ ಇದೆ, ಮುಂದಿನ ನಾಲ್ಕು ವಾರ ಅದಲುಬದಲು. ಸಭೆಯ ವೇಳೆಯನ್ನೂ ತಿಂಗಳಿಗೊಮ್ಮೆ ಬದಲಿಸಿದರೆ ನೆನಪಿಡಲು ಸುಲಭವೆಂದು ತಂಡ ನಿರ್ಧರಿಸಿ, ಮೊದಲ ನಾಲ್ಕು ವಾರ ಮುಂವೇಳೆಯನ್ನೂ ಮುಂದಿನ ನಾಲ್ಕು ವಾರ ಹಿಂವೇಳೆಯನ್ನೂ ಇಟ್ಟುಕೊಳ್ಳುತ್ತದೆ. ಮೊದಲ ಅವಧಿಯಲ್ಲಿ ಮುಂವೇಳೆಯ ಹೊರೆ ರಾತ್ರಿ ಪಾಳಿಯದಾದ್ದರಿಂದ ಅದನ್ನು ‘ಆ’ ಗುಂಪು ಹೊರುತ್ತದೆ. ಎರಡನೆಯ ಅವಧಿಯಲ್ಲಿ ಹಿಂವೇಳೆಯ ಹೊರೆ ಹಗಲು ಪಾಳಿಯದು, ಆದರೆ ಈಗ ಹಗಲಿನಲ್ಲಿರುವುದು ಅದೇ ‘ಆ’ ಗುಂಪು. ಮೂರನೆಯ ಅವಧಿಯಲ್ಲಿ ಎರಡೂ ಮೊದಲಿನ ಸ್ಥಿತಿಗೆ ಮರಳಿ ಮತ್ತೆ ‘ಆ’ ಗುಂಪೇ ಹೊರುತ್ತದೆ. ಕಾಗದದ ಮೇಲೆ ಹಗಲು ಪಾಳಿಗೂ ರಾತ್ರಿ ಪಾಳಿಗೂ ಸರಿಸಮನಾಗಿ ಹಂಚಿಕೆಯಾದ ಹೊರೆ ನಿಜದಲ್ಲಿ ಆರು ಜನರ ಮೇಲೆ ವರ್ಷವಿಡೀ ಬಿದ್ದಿರುತ್ತದೆ, ಉಳಿದ ಆರು ಜನ ಒಮ್ಮೆಯೂ ಪಾಳಿಯ ಹೊರಗೆ ಕುಳಿತಿರುವುದಿಲ್ಲ. ಪಾಳಿಗಳ ಹೆಸರಿನಲ್ಲಿ ಲೆಕ್ಕ ಇಟ್ಟವರಿಗೆ ಇದು ಕಾಣುವುದೇ ಇಲ್ಲ. ವ್ಯಕ್ತಿಗಳ ಹೆಸರಿನಲ್ಲಿ ಇಟ್ಟವರಿಗೆ ಎರಡನೆಯ ತಿಂಗಳೇ ಕಾಣುತ್ತದೆ.

ಪರಿಹಾರವೆಂದರೆ ಎರಡು ಸರದಿಗಳ ಲಯ ಒಂದೇ ಆಗದಂತೆ ನೋಡಿಕೊಳ್ಳುವುದು. ಪಾಳಿ ನಾಲ್ಕು ವಾರಕ್ಕೊಮ್ಮೆ ಬದಲಾಗುವುದಾದರೆ ಸಭೆಯ ವೇಳೆ ಪ್ರತಿ ವಾರ ಬದಲಾಗಬೇಕು. ಆಗ ಪ್ರತಿ ನಾಲ್ಕು ವಾರದೊಳಗೇ ಎರಡು ಮುಂವೇಳೆ ಮತ್ತು ಎರಡು ಹಿಂವೇಳೆ ಬಂದು, ಪ್ರತಿ ಗುಂಪೂ ಎರಡೆರಡು ಸಲ ಹೊರುತ್ತದೆ. ಪಾಳಿಯೇ ವಾರಕ್ಕೊಮ್ಮೆ ಬದಲಾಗುವ ತಂಡಗಳಲ್ಲಿ ವಾರ ಬಿಟ್ಟು ವಾರದ ಸರದಿ ಮೇಲಿನ ಬಲೆಯನ್ನೇ ಮತ್ತೆ ಹೆಣೆಯುವುದರಿಂದ, ಅಲ್ಲಿ ಸಭೆಯ ವೇಳೆಯನ್ನು ಎರಡು ವಾರಕ್ಕೊಮ್ಮೆ ತಿರುಗಿಸಬೇಕು. ನಾಲ್ಕು ವಾರಗಳಲ್ಲಿ ಹೊರೆ ಆ, ಅ, ಅ, ಆ ಎಂಬ ಕ್ರಮದಲ್ಲಿ ಬಿದ್ದು ಸರಿಹೋಗುತ್ತದೆ. ಪಾಳಿ ಎಂದೂ ಬದಲಾಗದ ತಂಡಗಳಿಗೆ ಈ ಚಿಂತೆಯೇ ಇಲ್ಲ.

ರಜೆಯಿಂದ ರದ್ದಾದ ಸಭೆಯೂ ಕೊನೆ ಗಳಿಗೆಯ ಬದಲಾವಣೆಗಳೂ ಈ ಸಮತೋಲನವನ್ನು ಕದಡುತ್ತವೆ. ಅದಕ್ಕಾಗಿ ಹಂಚಿಕೊಂಡ ಹಾಳೆಯೊಂದರಲ್ಲಿ ಸಭೆಯ ದಿನಾಂಕ, ವೇಳೆ, ಪಾಳಿಯ ಹೊರಗೆ ಕುಳಿತವರ ಹೆಸರು, ಅವರ ನಿಮಿಷ, ಮತ್ತು ಗೊತ್ತಾದ ವೇಳೆಯನ್ನು ಬದಲಿಸಿದ್ದರೆ ಯಾರು ಕೇಳಿದ್ದು ಎಂಬಿಷ್ಟನ್ನು ಬರೆದಿಟ್ಟರೆ ಸಾಕು. ಕೊನೆಯ ಅಂಕಣವೇ ಹೆಚ್ಚು ಮಾತನಾಡುತ್ತದೆ. ‘ಈ ವಾರ ಮಾತ್ರ’ ಎಂಬ ಬದಲಾವಣೆಗಳು ಸತತವಾಗಿ ಒಂದೇ ದಿಕ್ಕಿಗೆ, ಸಾಮಾನ್ಯವಾಗಿ ಹಿಂವೇಳೆಯಿಂದ ಮುಂವೇಳೆಗೆ, ಹೋಗುತ್ತಿದ್ದರೆ ಸರದಿ ಹೆಸರಿಗಷ್ಟೇ ಉಳಿದಿದೆ ಎಂದು ತಿಳಿಯಬೇಕು. ಹಾಗೆ ಬದಲಿಸಿಕೊಂಡ ಸರದಿಯನ್ನು ಅದೇ ರೋಸ್ಟರ್ ಅವಧಿಯೊಳಗೆ ತೀರಿಸಬೇಕೆಂಬ ನಿಯಮವಿದ್ದರೆ ಕೇಳುವವರು ಎರಡು ಸಲ ಯೋಚಿಸುತ್ತಾರೆ. ಹಾಜರಾತಿಯನ್ನು ನೋಡಿ ಏನನ್ನೂ ತಿಳಿಯಲಾಗದು, ಏಕೆಂದರೆ ಕಡ್ಡಾಯ ಸಭೆಗೆ ಎಲ್ಲರೂ ಬರುತ್ತಾರೆ. ತೀರ್ಮಾನವಾದ ವಿಷಯ ಮರುದಿನದ ಹ್ಯಾಂಡೋವರಿನಲ್ಲಿ ಮತ್ತೆ ಚರ್ಚೆಗೆ ಬರುತ್ತಿದ್ದರೆ ಅದು ಒಂದು ಪಾಳಿ ಸಭೆಯಲ್ಲಿ ಬಾಯಿ ತೆರೆದಿಲ್ಲ ಎಂಬುದರ ಗುರುತು.

ಪಾಳಿಯ ಹೊರಗಿನ ನಿಮಿಷಗಳನ್ನು ಮರಳಿ ಕೊಡುವುದು

ಸಭೆಯಲ್ಲಿ ಕುಳಿತ ಹೊತ್ತು ದುಡಿದ ಹೊತ್ತೇ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961 ದಿನಕ್ಕೆ ಒಂಬತ್ತು ಗಂಟೆ ಮತ್ತು ವಾರಕ್ಕೆ 48 ಗಂಟೆಯ ಮಿತಿಯನ್ನು ಹಾಕಿ, ಅದನ್ನು ಮೀರಿದ ದುಡಿಮೆಗೆ ಎರಡು ಪಟ್ಟು ದರದ ಕೂಲಿಯನ್ನು ವಿಧಿಸುತ್ತದೆ. ಒಂದು ಗಂಟೆಯ ವಿರಾಮ ಕಳೆದರೆ ಮಾದರಿ ತಂಡದ ಪಾಳಿ ಎಂಟು ಗಂಟೆಯದಾದ್ದರಿಂದ ಅರ್ಧ ಗಂಟೆಯ ಸಭೆ ಈ ಮಿತಿಯನ್ನು ದಾಟುವುದಿಲ್ಲ. ಆದರೆ ಕಾನೂನಿನ ಮಿತಿಯೊಳಗಿದೆ ಎಂಬುದು ಲೆಕ್ಕವೇ ಬೇಡ ಎನ್ನಲು ಸಮರ್ಥನೆಯಾಗದು. ಹಗಲು ಪಾಳಿಯವರಿಗೆ ಮರುಪಾವತಿ ಸುಲಭ: ಹಿಂವೇಳೆಯ ಬುಧವಾರ ಅವರು 9.30ರ ಬದಲು 10ಕ್ಕೆ ಬಂದರೆ ಸಾಕು. ರಾತ್ರಿ ಪಾಳಿಯವರು 3.30ರವರೆಗೆ ಗ್ರಾಹಕರಿಗೆ ದೊರೆಯಲೇಬೇಕಾದ್ದರಿಂದ ಅರ್ಧ ಗಂಟೆ ಮುಂಚೆ ಹೊರಡಲಾರರು, ಹೊರಟರೂ ಆ ಹೊತ್ತಿಗೆ ಕ್ಯಾಬ್ ಇರುವುದಿಲ್ಲ. ಅವರ ನಿಮಿಷಗಳನ್ನು ಕೂಡಿಡುವುದೇ ದಾರಿ. ನಾಲ್ಕು ವಾರಕ್ಕೆ ಎರಡು ಸರದಿಯಂತೆ ಒಂದು ಗಂಟೆ ಸೇರುತ್ತ ಹೋಗಿ, ರಾತ್ರಿ ಪಾಳಿಯ ನಾಲ್ಕು ಅವಧಿಗಳಾದ ಮೇಲೆ ಅರ್ಧ ದಿನದ ಪರಿಹಾರ ರಜೆ, ಅಂದರೆ ಕಚೇರಿ ಮಾತಿನ ‘ಕಾಂಪ್ ಆಫ್’, ಆಗುತ್ತದೆ. ಇದು ಸಣ್ಣ ಮೊತ್ತವಾದ್ದರಿಂದಲೇ ಮರೆತುಹೋಗುತ್ತದೆ, ಹಾಗಾಗಿ ಸರದಿಯ ಹಾಳೆಯಲ್ಲೇ ಅದಕ್ಕೊಂದು ಅಂಕಣ ಇರಬೇಕು.

ನವೆಂಬರಿನಲ್ಲಿ ಕದಲುವ ಒಂದು ಗಂಟೆ

ಅಮೆರಿಕದ ಬಹುಭಾಗ ಮಾರ್ಚಿನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ ನವೆಂಬರಿನ ಮೊದಲ ಭಾನುವಾರ ಒಂದು ಗಂಟೆ ಹಿಂದಕ್ಕೂ ತಿರುಗಿಸುತ್ತದೆ. ಭಾರತದಲ್ಲಿ ಈ ಪದ್ಧತಿಯಿಲ್ಲ. ಆದ್ದರಿಂದ ನವೆಂಬರಿನಿಂದ ಮಾರ್ಚಿನವರೆಗೆ ರಾತ್ರಿ ಪಾಳಿ ಸಂಜೆ 7.30ರಿಂದ ನಸುಕಿನ 4.30ಕ್ಕೆ ಸರಿಯುತ್ತದೆ, ಹಗಲು ಪಾಳಿ ಇದ್ದಲ್ಲೇ ಇರುತ್ತದೆ, ಮತ್ತು ಎರಡರ ನಡುವೆ ಒಂದು ಗಂಟೆಯ ಕಂದಕ ಬೀಳುತ್ತದೆ. ಬೇಸಿಗೆಯ ಜೋಡಿ ವೇಳೆ ಅಲ್ಲಿಗೆ ಮುರಿದುಬೀಳುತ್ತದೆ. ಹೊಂದಿಸಿಕೊಳ್ಳಲು ತಂಡಗಳು ಕಂದಕದೊಳಗೇ, ಸಂಜೆ 6.30ಕ್ಕೆ ಸಭೆ ಇಟ್ಟು, ರಾತ್ರಿಯವರು ಮೊಬೈಲಿನಲ್ಲಿ ಸೇರಿಕೊಳ್ಳಲಿ ಎನ್ನುವುದುಂಟು. 7.30ರ ಲಾಗಿನ್‌ಗೆ ಬರುವವರು ಆ ಹೊತ್ತಿಗೆ ಕ್ಯಾಬಿನೊಳಗೆ, ಬೇರೆ ತಂಡದ ಸಹಪ್ರಯಾಣಿಕರ ಪಕ್ಕದಲ್ಲಿ, ಹೊರವರ್ತುಲ ರಸ್ತೆಯ ಹಾರ್ನ್‌ಗಳ ನಡುವೆ ಕುಳಿತಿರುತ್ತಾರೆ. ಅಲ್ಲಿ ಕೇಳಿಸಿಕೊಳ್ಳುವುದೇ ಕಷ್ಟ, ಮಾತನಾಡುವುದಂತೂ ಇಲ್ಲ. ಗ್ರಾಹಕರ ಗೋಪ್ಯ ವಿಷಯಗಳನ್ನು ಅಲ್ಲಿ ಆಡುವುದೂ ತಪ್ಪು.

ಚಳಿಗಾಲಕ್ಕೆ ಹೆಚ್ಚು ಒಗ್ಗುವುದು ಮನೆಯಿಂದ ಸೇರುವ ಜೋಡಿ. ಮುಂವೇಳೆಯನ್ನು ಸಂಜೆ 5ಕ್ಕೆ ಇಟ್ಟರೆ ಹಗಲಿನವರು ಪಾಳಿಯಲ್ಲಿರುತ್ತಾರೆ, ರಾತ್ರಿಯವರು ಮಧ್ಯಾಹ್ನ 1ರ ಸುಮಾರಿಗೆ ಎದ್ದು ಪಿಕಪ್‌ಗೆ ಮುಂಚೆ ಮನೆಯಿಂದಲೇ ಸೇರುತ್ತಾರೆ. ಹಿಂವೇಳೆಯನ್ನು ರಾತ್ರಿ 9ಕ್ಕೆ ಇಟ್ಟರೆ ರಾತ್ರಿಯವರು ಪಾಳಿಯಲ್ಲಿರುತ್ತಾರೆ, ಹಗಲಿನವರು ಮನೆ ಸೇರಿ ಕುಳಿತಿರುತ್ತಾರೆ. ಎರಡರಲ್ಲೂ ಹೊರೆ ಮೂವತ್ತು ನಿಮಿಷ, ಯಾರಿಗೂ ಕ್ಯಾಬ್ ಬದಲಿಸಬೇಕಾಗಿಲ್ಲ. ರಾತ್ರಿ 8ರ ನಂತರ ಕಚೇರಿಯಲ್ಲಿ ಉಳಿಯುವ ಮಹಿಳಾ ಸಿಬ್ಬಂದಿಗೆ ಸಾರಿಗೆ, ಭದ್ರತೆ ಒದಗಿಸುವ ಹೊಣೆ ಸಂಸ್ಥೆಯ ಮೇಲಿರುವುದರಿಂದ, ಹಗಲು ಪಾಳಿಯವರನ್ನು ಆ ಹೊತ್ತಿನವರೆಗೆ ಕಚೇರಿಯಲ್ಲಿ ಉಳಿಸಿಕೊಳ್ಳುವ ಏರ್ಪಾಟಿಗಿಂತ ಇದು ಸುಲಭ. ದೋಷವೂ ಇಲ್ಲದಿಲ್ಲ: ರಾತ್ರಿ 9 ಹಲವು ಮನೆಗಳಲ್ಲಿ ಊಟದ ಹೊತ್ತು, ನ್ಯೂಯಾರ್ಕಿನಲ್ಲಿ ಅದು ಬೆಳಿಗ್ಗೆ 10.30ರ ಬಿರುಸಿನ ಹೊತ್ತು. ಈ ಕಾರಣಕ್ಕೆ ಚಳಿಗಾಲದ ಹಿಂವೇಳೆಯ ಸಭೆಯನ್ನು ಇಪ್ಪತ್ತು ನಿಮಿಷಕ್ಕೆ ಮೊಟಕುಗೊಳಿಸಿ, ಉದ್ದವಾದ ಚರ್ಚೆಗಳನ್ನು ಮುಂವೇಳೆಯ ವಾರಕ್ಕೆ ತಳ್ಳುವ ಆಮಿಷ ಬರುತ್ತದೆ. ಹಾಗೆ ಮಾಡಿದರೆ ರಾತ್ರಿಯವರ ನಿಮಿಷಗಳು ಮತ್ತೆ ಏರುತ್ತವೆ ಎಂಬುದನ್ನು ಹಾಳೆಯೇ ತೋರಿಸಿಕೊಡುತ್ತದೆ.

ಕ್ಯಾಲೆಂಡರ್‌ನಲ್ಲಿ ಮಾಡುವ ಒಂದು ಸಣ್ಣ ತಪ್ಪು ಈ ಎಲ್ಲವನ್ನೂ ಹಾಳುಮಾಡಬಲ್ಲದು. ಸಭೆಯ ಆಹ್ವಾನವನ್ನು ಅಮೆರಿಕದಲ್ಲಿರುವ ಅಧಿಕಾರಿ ತಮ್ಮ ಸಮಯವಲಯದಲ್ಲಿ ರಚಿಸಿದ್ದರೆ, ಅಲ್ಲಿನ ಗಡಿಯಾರ ಕದಲಿದ ದಿನ ಇಲ್ಲಿನ ಸಭೆಯೂ ಸದ್ದಿಲ್ಲದೆ ಒಂದು ಗಂಟೆ ಸರಿಯುತ್ತದೆ. ಆಹ್ವಾನದ ಸಮಯವಲಯ `Asia/Kolkata` ಎಂದಿರಬೇಕು. ಮುಂವೇಳೆಗೊಂದು, ಹಿಂವೇಳೆಗೊಂದು ಎಂದು ಎರಡು ವಾರಕ್ಕೊಮ್ಮೆ ಮರುಕಳಿಸುವ ಎರಡು ಪ್ರತ್ಯೇಕ ಆಹ್ವಾನಗಳನ್ನು ಮಾಡಿ, ಅವು ಅಕ್ಟೋಬರ್ ಕೊನೆಯಲ್ಲಿ ಮುಗಿಯುವಂತೆ ಇಡಬೇಕು. 2026ರಲ್ಲಿ ಅಮೆರಿಕದ ಗಡಿಯಾರ ಹಿಂದಕ್ಕೆ ಸರಿಯುವುದು ಕನ್ನಡ ರಾಜ್ಯೋತ್ಸವದ ದಿನವಾದ ನವೆಂಬರ್ 1ರ ಭಾನುವಾರ, ಪೂರ್ವ ಕರಾವಳಿಗೆ ಸಂಬಂಧಿಸಿ ಭಾರತೀಯ ಕಾಲಮಾನ ಬೆಳಿಗ್ಗೆ 11.30ಕ್ಕೆ, ಮರುದಿನ ಸೋಮವಾರವೇ ರಾತ್ರಿ ಪಾಳಿಯ ಲಾಗಿನ್ 7.30 ಆಗುತ್ತದೆ. ಚಳಿಗಾಲದ ಜೋಡಿ ವೇಳೆಗೆ ತಂಡದ ಒಪ್ಪಿಗೆಯನ್ನೂ ಸಾರಿಗೆ ವಿಭಾಗದ ಉತ್ತರವನ್ನೂ ಅಕ್ಟೋಬರ್ ಎರಡನೆಯ ವಾರದೊಳಗೆ ಪಡೆದಿಟ್ಟುಕೊಳ್ಳಬೇಕು.